ನಾರ್‌ಅಡ್ರಿನಲಿನ್‌ಗೆ ಏಳದ ಬಿಪಿ: ಒಂದು ಪ್ರಕರಣ ಅಧ್ಯಯನ

ಇದು ಒಂದು ಸಣ್ಣ ಐಸಿಯುವಿನಲ್ಲಿ ನಡೆದ ಪ್ರಕರಣ. ಗುರುತು ಸಿಗಬಾರದು ಅಂತ ರೋಗಿಯ ವಯಸ್ಸು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಕಾರಣ ಇಷ್ಟೇ: ಜೀವಕೋಶದ ಹೊರಗಿನಿಂದ ಕೆಲಸ ಮಾಡುವ ಹಾರ್ಮೋನು ಮತ್ತು ಒಳಗೆ ನುಗ್ಗಿ ಕೆಲಸ ಮಾಡುವ ಹಾರ್ಮೋನು, ಇವೆರಡರ ವ್ಯತ್ಯಾಸ ನಾವೆಲ್ಲ ಮೊದಲ ವರ್ಷದ ಎಂಬಿಬಿಎಸ್‌ನಲ್ಲಿ ಓದಿ ಪರೀಕ್ಷೆ ಬರೆದು ಮರೆತ ಪಾಠ. ಆ ರಾತ್ರಿ ಅದೇ ಪಾಠ ಮಾನಿಟರ್ ಮೇಲೆ ಅಂಕಿಗಳಾಗಿ ಕಾಣಿಸಿತು. ಅದು ಕಾಣುವಷ್ಟರಲ್ಲಿ ನಾನು ಮೂರು ತಾಸು ಕಳೆದಿದ್ದೆ.

ಬಂದಾಗ

ಅರುವತ್ತರ ಹತ್ತಿರದ ಹೆಂಗಸು. ಹೊಲದ ಕೂಲಿ ಕೆಲಸ. ಊರ ಜಾತ್ರೆ ಮುಗಿದ ಮರುದಿನದಿಂದ ವಾಂತಿ, ಭೇದಿ. ಎರಡು ದಿನ ಮನೆಯಲ್ಲೇ ಮಜ್ಜಿಗೆ, ಓಆರ್‌ಎಸ್ ಕೊಟ್ಟು ನೋಡಿದ್ದಾರೆ. ಮೂರನೆಯ ದಿನ ಸಂಜೆ ಮಾತು ಅಡ್ಡಾದಿಡ್ಡಿ ಆಗತೊಡಗಿತು. ಆಗ ಮಗ, ಸೊಸೆ ಕರೆತಂದರು. ಸಂಜೆ 6.40 ಆಗಿತ್ತು.

ಬಿಪಿ 70/40. ನಾಡಿ ನಿಮಿಷಕ್ಕೆ 118. ಜ್ವರ 101 ಡಿಗ್ರಿ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 62. ಬಾಯಿ ಒಣಗಿತ್ತು, ಕೈಕಾಲು ಬಿಸಿಯಾಗೇ ಇದ್ದವು. ಭೇದಿಯಿಂದ ನೀರು ಹೋಗಿದೆ, ಜೊತೆಗೆ ಸೋಂಕು ರಕ್ತಕ್ಕೆ ಇಳಿದಿದೆ, ಸೆಪ್ಟಿಕ್ ಶಾಕ್ ಅಂತ ಬರೆದೆ. ಆ ಹೊತ್ತಿಗೆ ಅದು ತಪ್ಪು ಊಹೆ ಏನಲ್ಲ. ಗ್ಲೂಕೋಸ್ ಕೊಟ್ಟೆವು. ಸಲೈನ್ ಜೋರಾಗಿ ಬಿಟ್ಟೆವು, ಆಂಟಿಬಯಾಟಿಕ್ ಹಾಕಿದೆವು. ಒಂದು ಲೀಟರ್ ಹೋದ ಮೇಲೂ ಬಿಪಿ ಅಲ್ಲೇ ಇದ್ದಾಗ, 7.30ಕ್ಕೆ ನಾರ್‌ಅಡ್ರಿನಲಿನ್ ಸಿರಿಂಜ್ ಪಂಪ್ ಹಚ್ಚಿದೆವು.

ನಾರ್‌ಅಡ್ರಿನಲಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ರಕ್ತನಾಳದ ಗೋಡೆಯಲ್ಲಿ ಸ್ನಾಯುಕೋಶಗಳಿವೆ. ಅವು ಬಿಗಿದರೆ ನಾಳ ಕಿರಿದಾಗಿ ಬಿಪಿ ಏರುತ್ತದೆ. ನಾರ್‌ಅಡ್ರಿನಲಿನ್ ಆ ಕೋಶದ ಒಳಗೆ ಹೋಗುವುದೇ ಇಲ್ಲ. ಕೋಶದ ಪೊರೆ ಎಂದರೆ ಎರಡು ಪದರದ ಕೊಬ್ಬು. ರಕ್ತದಲ್ಲಿರುವಾಗ ನಾರ್‌ಅಡ್ರಿನಲಿನ್‌ನ ಮೇಲೆ ವಿದ್ಯುತ್ ಚಾರ್ಜ್ ಇರುತ್ತದೆ. ಚಾರ್ಜ್ ಹೊತ್ತ ಅಣು ನೀರಿನಲ್ಲಿ ಹಾಯಾಗಿರುತ್ತದೆ, ಕೊಬ್ಬಿನೊಳಗೆ ಇಳಿಯಲು ಒಲ್ಲದು. ಹಾಗಾಗಿ ಅದು ಪೊರೆಯ ಹೊರಮೈಯಲ್ಲಿರುವ ಆಲ್ಫಾ-1 ಅನ್ನುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಉಳಿದದ್ದು ಒಳಗಿನವರ ಪಾಲು. ಗ್ರಾಹಕದ ಒಳತುದಿಗೆ ತಾಗಿಕೊಂಡ ಜಿ-ಪ್ರೋಟೀನ್ ಎಚ್ಚೆತ್ತು ಒಂದು ಕಿಣ್ವವನ್ನು ಚಾಲೂ ಮಾಡುತ್ತದೆ. ಆ ಕಿಣ್ವ ಪೊರೆಯದೇ ಒಂದು ಕೊಬ್ಬನ್ನು ಕತ್ತರಿಸಿ ಐಪಿ-3 ಅನ್ನುವ ಚಿಕ್ಕ ಅಣುವನ್ನು ಬಿಡುತ್ತದೆ. ಐಪಿ-3 ಹೋಗಿ ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬಿಡಿಸುತ್ತದೆ. ಕ್ಯಾಲ್ಸಿಯಂ ಬಂತು, ಸ್ನಾಯು ಬಿಗಿಯಿತು.

ಇದಕ್ಕೆಲ್ಲ ಬೇಕಾಗುವುದು ಸೆಕೆಂಡುಗಳು. ಯಾಕೆಂದರೆ ಇಲ್ಲಿ ಹೊಸದಾಗಿ ತಯಾರಾಗಬೇಕಾದ್ದು ಏನೂ ಇಲ್ಲ. ಗ್ರಾಹಕ, ಜಿ-ಪ್ರೋಟೀನ್, ಕಿಣ್ವ, ಕ್ಯಾಲ್ಸಿಯಂ ಎಲ್ಲ ಮೊದಲೇ ಕೋಶದಲ್ಲಿ ಇವೆ. ಇದ್ದ ಸಾಮಾನನ್ನು ಒಂದಕ್ಕೊಂದು ತಳ್ಳುವುದಷ್ಟೇ ಕೆಲಸ. ಬೀದಿಬಾಗಿಲ ಕರೆಗಂಟೆ ಇದ್ದ ಹಾಗೆ ಅಂದುಕೊಳ್ಳಿ. ಒತ್ತಿದವರು ಹೊರಗೇ ನಿಂತಿರುತ್ತಾರೆ, ಒಳಗಿದ್ದವರು ಎದ್ದು ಓಡುತ್ತಾರೆ.

ಆ ರಾತ್ರಿ ನಾವು ಗಂಟೆ ಒತ್ತುತ್ತಲೇ ಇದ್ದೆವು.

ಏರದ ಒತ್ತಡ

ಎಂಟು ಗಂಟೆಗೆ ಎರಡನೆಯ ಲೀಟರ್ ಸಲೈನ್ ಮುಗಿಯಿತು. ನಾರ್‌ಅಡ್ರಿನಲಿನ್ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂನಿಂದ ಶುರುವಾಗಿ 0.2, 0.3, ಒಂಬತ್ತೂಕಾಲಿಗೆ 0.4. ಸರಾಸರಿ ಒತ್ತಡ ಕನಿಷ್ಠ 65 ಇರಬೇಕು ಅಂತ ನಮ್ಮ ಗುರಿ. ಅದು 52ರಿಂದ 55ಕ್ಕೆ ಬಂದು ಕೂತಿತ್ತು.

ಡ್ಯೂಟಿ ಡಾಕ್ಟರ್, ಚುರುಕು ಹುಡುಗ, ವಾಸೊಪ್ರೆಸಿನ್ ಸೇರಿಸೋಣ ಅಂದರು. ತಪ್ಪಲ್ಲ, ಸೆಪ್ಟಿಕ್ ಶಾಕ್‌ನಲ್ಲಿ ಅದೇ ಮುಂದಿನ ಹೆಜ್ಜೆ. ಆದರೆ ಅದೂ ಹೊರಮೈಯ ಗ್ರಾಹಕಕ್ಕೇ ಅಂಟುವ ಹಾರ್ಮೋನು. ಗ್ರಾಹಕ ಬೇರೆ, ಒಳಗಿನ ದಾರಿ ಮಾತ್ರ ಅದೇ: ಜಿ-ಪ್ರೋಟೀನ್, ಐಪಿ-3, ಕ್ಯಾಲ್ಸಿಯಂ. ಮುಂಬಾಗಿಲ ಗಂಟೆಗೆ ಯಾರೂ ಏಳದಿದ್ದಾಗ ಪಕ್ಕದ ಬಾಗಿಲ ಗಂಟೆ ಒತ್ತಿದ ಹಾಗೆ. ಇದು ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ನಾನೂ "ತರಿಸಿ" ಅಂದಿದ್ದೆ.

ತಿರುವು ಕೊಟ್ಟವರು ನಾವಿಬ್ಬರೂ ಅಲ್ಲ, ಸಿಸ್ಟರ್. ವೆನ್‌ಫ್ಲಾನ್ ಬದಲಿಸಲು ಟೇಪ್ ಬಿಚ್ಚಿದರೆ ಟೇಪಿನ ಜೊತೆ ಚರ್ಮವೂ ಕಿತ್ತು ಬಂತು. "ಮೇಡಂ, ಇಲ್ನೋಡಿ, ಈರುಳ್ಳಿ ಸಿಪ್ಪೆ ಥರ ಇದೆ" ಅಂದರು. ಮುಂಗೈ ಮೇಲೆ ಅಲ್ಲಲ್ಲಿ ಹಳೆಯ ನೇರಳೆ ಕಲೆ. ಆಗ ಮುಖ ಸರಿಯಾಗಿ ನೋಡಿದೆ. ಎರಡು ದಿನ ನೀರಿಲ್ಲದೆ ಬತ್ತಿದ ಹೆಂಗಸಿನ ಕೆನ್ನೆ ಒಳಗೆ ಹೋಗಿರಬೇಕು. ಇವರ ಮುಖ ದುಂಡಗಿತ್ತು. ಹೊಟ್ಟೆ ದಪ್ಪ, ಕೈಕಾಲು ಕಡ್ಡಿ.

ಹೊರಗೆ ಹೋಗಿ ಕೇಳಿದೆ, ಏನಾದರೂ ಮಾತ್ರೆ ತಗೋತಿದ್ದರಾ?

ಮಗ "ಬಿಪಿ, ಶುಗರ್ ಏನೂ ಇಲ್ರಿ ಮೇಡಂ" ಅಂದ. ಇದನ್ನು ಅವನು ಬಂದಾಗಲೂ ಹೇಳಿದ್ದ, ನಾನು ಬರೆದುಕೊಂಡಿದ್ದೆ. ತಪ್ಪು ನನ್ನ ಪ್ರಶ್ನೆಯದು. "ಕಾಯಿಲೆಗೆ ಮಾತ್ರೆ" ಅಂತ ಕೇಳಿದರೆ ಮನೆಯವರು ಬಿಪಿ, ಶುಗರ್ ಅಂತಲೇ ಯೋಚಿಸುತ್ತಾರೆ. ಈ ಸಲ "ನೋವಿಗೆ?" ಅಂತ ಕೇಳಿದೆ. ಸೊಸೆ ತಲೆ ಎತ್ತಿದಳು. "ಅತ್ತಿ ಮೊಣಕಾಲ್ ನೋವಿಗೆ ಗುಳಿಗಿ ತಗೋತಾಳ್ರಿ. ಮೂರು ವರ್ಸ ಆತು. ಅಂಗಡ್ಯಾಗ ಪೊಟ್ಟಣ ಕಟ್ಟಿ ಕೊಡ್ತಾರ. ಜಾತ್ರಿಗೆ ಅಂಗಡಿ ಬಾಗಿಲ ಹಾಕಿತ್ತು, ತಂದಿಲ್ರಿ."

ಪೊಟ್ಟಣದಲ್ಲಿ ಉಳಿದಿದ್ದ ಮೂರು ಮಾತ್ರೆ ಅವಳ ಚೀಲದಲ್ಲೇ ಇದ್ದವು. ಒಂದು ನೋವಿನ ಮಾತ್ರೆ, ಒಂದು ಗ್ಯಾಸಿನದು, ಒಂದು ಪುಟ್ಟ ಬಿಳಿ ಮಾತ್ರೆ. ಅಂಗಡಿಯವನಿಗೆ ಫೋನ್ ಮಾಡಿಸಿದೆವು. ಪುಟ್ಟದ್ದು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, 0.5 ಮಿಲಿಗ್ರಾಂ, ದಿನಕ್ಕೆ ಎರಡು.

ಲೆಕ್ಕ ಹಾಕಿ ನೋಡಿ. ಅಡ್ರಿನಲ್ ಗ್ರಂಥಿ ಮಾಡುವ ಸ್ಟೀರಾಯ್ಡ್ ಹಾರ್ಮೋನು ಕಾರ್ಟಿಸಾಲ್, ಅದನ್ನೇ ಔಷಧವಾಗಿ ಕೊಟ್ಟಾಗ ಹೈಡ್ರೊಕಾರ್ಟಿಸೋನ್ ಅನ್ನುತ್ತೇವೆ. ಡೆಕ್ಸಾಮೆಥಾಸೋನ್ 0.75 ಮಿಲಿಗ್ರಾಂ ಹೆಚ್ಚುಕಮ್ಮಿ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್‌ಗೆ ಸಮ. ದಿನಕ್ಕೆ 1 ಮಿಲಿಗ್ರಾಂ ಅಂದರೆ ಸುಮಾರು 27. ಅಡ್ರಿನಲ್ ಗ್ರಂಥಿ ಪೂರ್ತಿ ಕೆಟ್ಟವರಿಗೆ ಬದಲಿಯಾಗಿ ಕೊಡುವುದೇ ದಿನಕ್ಕೆ 15ರಿಂದ 25. ಅಂದರೆ ಮೂರು ವರ್ಷದಿಂದ ಈ ಹೆಂಗಸಿನ ದೇಹ ತನ್ನ ಕಾರ್ಟಿಸಾಲ್ ತಾನು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಹಾಗಾಗಿ ಮಾಡುವುದನ್ನೇ ನಿಲ್ಲಿಸಿತ್ತು. ಜಾತ್ರೆಗೆ ಅಂಗಡಿ ಮುಚ್ಚಿತು, ಹೊರಗಿನ ಪೂರೈಕೆ ನಿಂತಿತು. ಅದೇ ಹೊತ್ತಿಗೆ ಸೋಂಕೂ ಬಂತು.

ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ

ಸುಳಿವು ಇತ್ತು. ಸಕ್ಕರೆ 62, ಸೋಡಿಯಂ 124, ಎರಡೂ ಕಡಿಮೆ. ಎರಡನ್ನೂ ವಾಂತಿಭೇದಿಯ ಲೆಕ್ಕಕ್ಕೆ ಹಾಕಿಬಿಟ್ಟೆ. ಅದಕ್ಕಿಂತ ಹೆಚ್ಚಾಗಿ ನನ್ನ ತಲೆಯಲ್ಲಿ ಅಡ್ರಿನಲ್ ಕೊರತೆಯ ಚಿತ್ರ ಪಠ್ಯಪುಸ್ತಕದ್ದಾಗಿತ್ತು. ಕಪ್ಪಾದ ಅಂಗೈ ಗೆರೆ, ಏರಿದ ಪೊಟ್ಯಾಸಿಯಂ. ಇವರ ಅಂಗೈ ಮಾಮೂಲಾಗಿತ್ತು. ಪೊಟ್ಯಾಸಿಯಂ 4.1.

ಆ ಚಿತ್ರ ಗ್ರಂಥಿಯೇ ಹಾಳಾದವರದು. ಇಲ್ಲಿ ಗ್ರಂಥಿ ಹಾಳಾಗಿರಲಿಲ್ಲ, ಅದಕ್ಕೆ ಆಜ್ಞೆ ಬರುತ್ತಿರಲಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಸಿಟಿಎಚ್ ಅನ್ನುವ ಹಾರ್ಮೋನು ಅಡ್ರಿನಲ್‌ಗೆ ಕಾರ್ಟಿಸಾಲ್ ಮಾಡು ಅನ್ನುತ್ತದೆ. ಎಸಿಟಿಎಚ್ 39 ಅಮೈನೋ ಆಮ್ಲಗಳ ಸರಪಳಿ, ಪೊರೆ ದಾಟಲಾರದು. ಅದೂ ಕೋಶದ ಹೊರಮೈಯ ಗ್ರಾಹಕಕ್ಕೇ ಅಂಟುತ್ತದೆ. ಚರ್ಮ ಕಪ್ಪಾಗುವುದು ಈ ಎಸಿಟಿಎಚ್ ಜಾಸ್ತಿಯಾದಾಗ. ಇವರಲ್ಲಿ ಅದು ತಳ ಕಂಡಿತ್ತು. ಇನ್ನು ಪೊಟ್ಯಾಸಿಯಂ ನೋಡಿಕೊಳ್ಳುವುದು ಆಲ್ಡೋಸ್ಟೀರೋನ್. ಅದಕ್ಕೆ ಮುಖ್ಯ ಆಜ್ಞೆ ಕಿಡ್ನಿಯ ಕಡೆಯಿಂದ, ರೆನಿನ್-ಆಂಜಿಯೊಟೆನ್ಸಿನ್ ಮೂಲಕ ಬರುತ್ತದೆ. ಆ ದಾರಿ ಸರಿಯಾಗೇ ಇತ್ತು. ಹಾಗಾಗಿ ಪೊಟ್ಯಾಸಿಯಂ ಸರಿಯಾಗಿತ್ತು, ನಾನು ಮೋಸ ಹೋದೆ. ಮಾತ್ರೆ ನಿಲ್ಲಿಸಿ ಬಂದವರಲ್ಲಿ ಕಪ್ಪು ಚರ್ಮ, ಪೊಟ್ಯಾಸಿಯಂ ಹುಡುಕುತ್ತ ಕೂರಬಾರದು. ದುಂಡು ಮುಖ, ತೆಳು ಚರ್ಮ, ಸೋಡಿಯಂ ಇವನ್ನು ನೋಡಬೇಕು.

ಪಿಟ್ಯುಟರಿ ಯಾಕೆ ಮೌನವಾಯಿತು ಅನ್ನುವುದೇ ಸ್ಟೀರಾಯ್ಡಿನ ದಾರಿಗೆ ಒಳ್ಳೆಯ ಉದಾಹರಣೆ. ಡೆಕ್ಸಾಮೆಥಾಸೋನ್ ಕೊಬ್ಬಿನಲ್ಲಿ ಕರಗುತ್ತದೆ. ಪಿಟ್ಯುಟರಿ ಕೋಶದ ಪೊರೆಯನ್ನು ಅದು ಬಾಗಿಲು ತಟ್ಟದೆ ದಾಟುತ್ತದೆ. ಒಳಗಿನ ಗ್ರಾಹಕಕ್ಕೆ ಅಂಟಿಕೊಂಡು ಕೋಶದ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಎಸಿಟಿಎಚ್ ತಯಾರಿಸುವ ಜೀನಿನ ಓದನ್ನೇ ತಗ್ಗಿಸುತ್ತದೆ. ಎಸಿಟಿಎಚ್ ಬಾರದೆ ವರ್ಷಗಟ್ಟಲೆ ಕಳೆದರೆ ಅಡ್ರಿನಲ್‌ನ ಕಾರ್ಟಿಸಾಲ್ ಮಾಡುವ ಪದರ ಸೊರಗಿ ತೆಳ್ಳಗಾಗುತ್ತದೆ. ಅದು ಒಂದು ವಾರದಲ್ಲಿ ಮತ್ತೆ ಬೆಳೆಯುವಂಥದ್ದಲ್ಲ.

ಇನ್ನೊಂದು ಮಾತು. ಇನ್ಸುಲಿನ್‌ನಂಥ ಹಾರ್ಮೋನನ್ನು ಕೋಶ ಚಿಕ್ಕ ಚಿಕ್ಕ ಚೀಲದಲ್ಲಿ ಕೂಡಿಟ್ಟುಕೊಂಡು, ಬೇಕಾದಾಗ ಸುರಿಯುತ್ತದೆ. ಕಾರ್ಟಿಸಾಲನ್ನು ಹಾಗೆ ಕೂಡಿಡಲು ಬರುವುದಿಲ್ಲ. ಪೊರೆಯನ್ನೇ ದಾಟಿ ಹೋಗುವ ಅಣುವನ್ನು ಪೊರೆಯ ಚೀಲದಲ್ಲಿ ಕಟ್ಟಿಡುವುದು ಹೇಗೆ? ಆಗಿಂದಾಗ ಕೊಲೆಸ್ಟರಾಲ್‌ನಿಂದ ಮಾಡಿಯೇ ಕೊಡಬೇಕು. ಹಾಗಾಗಿ ಸೊರಗಿದ ಅಡ್ರಿನಲ್‌ನಲ್ಲಿ ಆಪತ್ತಿಗೆ ಅಂತ ಎತ್ತಿಟ್ಟ ಗಂಟೂ ಇರುವುದಿಲ್ಲ.

ಕಾರ್ಟಿಸಾಲ್ ಇಲ್ಲದಿದ್ದರೆ ಗಂಟೆ ಯಾಕೆ ಕೇಳಿಸುವುದಿಲ್ಲ

ಈ ಪ್ರಕರಣದ ತಿರುಳು ಇಲ್ಲಿದೆ. ನಾರ್‌ಅಡ್ರಿನಲಿನ್ ಬೇಕಾದಷ್ಟು ಹೋಗುತ್ತಿತ್ತು. ಆದರೂ ನಾಳ ಬಿಗಿಯಲಿಲ್ಲ.

ಹೊರಮೈಯ ಗ್ರಾಹಕ ಅಂದರೆ ಗೋಡೆಗೆ ಹೊಡೆದ ಮೊಳೆ ಅಲ್ಲ. ಜಾಸ್ತಿ ಹೊತ್ತು ಹಾರ್ಮೋನು ಅಂಟಿಕೊಂಡೇ ಇದ್ದರೆ, ಕೋಶ ಅದರ ಒಳತುದಿಗೆ ಫಾಸ್ಫೇಟ್ ಗುರುತು ಹಾಕಿ, ಅರೆಸ್ಟಿನ್ ಅನ್ನುವ ಪ್ರೋಟೀನನ್ನು ಅಡ್ಡ ಕೂರಿಸಬಲ್ಲದು, ಗ್ರಾಹಕವನ್ನು ಒಳಗೆಳೆದುಕೊಳ್ಳಬಲ್ಲದು. ಕಿವಿ ಮುಚ್ಚಿಕೊಂಡ ಹಾಗೆ. ಹೋದ ಗ್ರಾಹಕದ ಜಾಗಕ್ಕೆ ಹೊಸದು ಬರಬೇಕು. ಅದಕ್ಕೆ ಗ್ರಾಹಕದ ಜೀನನ್ನು ಓದಿ ಹೊಸ ಪ್ರೋಟೀನ್ ಮಾಡಬೇಕು. ಅಡ್ರಿನಲಿನ್ ಬಳಗದ ಗ್ರಾಹಕಗಳ ತಯಾರಿಗೆ ಒತ್ತಾಸೆ ಕೊಡುವವರಲ್ಲಿ ಕಾರ್ಟಿಸಾಲ್ ಒಂದು. ಇನ್ನೊಂದು ಕಡೆ, ಸೋಂಕಿನಲ್ಲಿ ನಾಳದ ಗೋಡೆ ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವವನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಆ ಅನಿಲ ನಾಳವನ್ನು ಸಡಿಲಿಸುತ್ತದೆ. ಆ ಕಿಣ್ವದ ಜೀನಿಗೆ ಕಡಿವಾಣ ಹಾಕುವುದೂ ಕಾರ್ಟಿಸಾಲೇ. ಕಾರ್ಟಿಸಾಲ್ ಇಲ್ಲದ ಕೋಶದಲ್ಲಿ ಗಂಟೆಯ ತಂತಿ ಸವೆದಿರುತ್ತದೆ, ಒಳಗಿನವರಿಗೆ ನಿದ್ದೆಯ ಮದ್ದೂ ಬಿದ್ದಿರುತ್ತದೆ.

ಕಾರ್ಟಿಸಾಲ್ ತಾನಾಗಿ ನಾಳವನ್ನು ಬಿಗಿಸುವುದಿಲ್ಲ, ಬಿಗಿಸುವವನ ಮಾತು ನಡೆಯುವ ಹಾಗೆ ಮಾಡುತ್ತದೆ. ಒಂದು ಹಾರ್ಮೋನು ಇನ್ನೊಂದಕ್ಕೆ ಹೀಗೆ ಅನುವು ಮಾಡಿಕೊಡುವುದನ್ನು ಶರೀರಶಾಸ್ತ್ರದವರು ಪರ್ಮಿಸಿವ್ ಪರಿಣಾಮ ಅನ್ನುತ್ತಾರೆ. ಓದುವಾಗ ಒಂದು ಸಾಲು. ಹಾಸಿಗೆಯ ಪಕ್ಕ ನಿಂತಾಗ ಅದು 0.4 ಮೈಕ್ರೋಗ್ರಾಂಗೂ ಏಳದ ಬಿಪಿ.

ಹತ್ತು ಗಂಟೆಯ ತೀರ್ಮಾನ

ಕಾರ್ಟಿಸಾಲ್ ಪರೀಕ್ಷೆ ನಮ್ಮಲ್ಲಿ ಇಲ್ಲ, ಹೊರಗಿನ ಲ್ಯಾಬಿಗೆ ಹೋಗಬೇಕು, ಎರಡು ದಿನ. ಕಾಯುವ ಮಾತೇ ಇರಲಿಲ್ಲ. ರಕ್ತ ಎಳೆದು ಎತ್ತಿಟ್ಟು, ಹತ್ತು ಗಂಟೆಗೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ನೇರ ರಕ್ತನಾಳಕ್ಕೆ ಕೊಟ್ಟೆವು. ಮುಂದೆ ಆರು ತಾಸಿಗೊಮ್ಮೆ 50. ಮೊದಲು ರಕ್ತ, ಆಮೇಲೆ ಇಂಜೆಕ್ಷನ್, ಈ ಕ್ರಮ ಮುಖ್ಯ. ಯಾಕೆಂದರೆ ಹೈಡ್ರೊಕಾರ್ಟಿಸೋನ್ ಅಂದರೆ ಕಾರ್ಟಿಸಾಲೇ. ಕೊಟ್ಟ ಮೇಲೆ ರಕ್ತ ತೆಗೆದರೆ ಲ್ಯಾಬಿನವರು ನಮ್ಮ ಇಂಜೆಕ್ಷನ್ನನ್ನೇ ಅಳೆದು ಕಳಿಸುತ್ತಾರೆ. ಡೆಕ್ಸಾಮೆಥಾಸೋನ್ ಆ ಪರೀಕ್ಷೆಯಲ್ಲಿ ಕಾರ್ಟಿಸಾಲ್ ಅಂತ ಕಾಣಿಸುವುದಿಲ್ಲ. ಹಾಗಾಗಿ ಹಳೆಯ ಮಾತ್ರೆಯ ಕಲಬೆರಕೆಯ ಭಯ ಇರಲಿಲ್ಲ. ಪ್ರೆಡ್ನಿಸೊಲೋನ್ ಆಗಿದ್ದರೆ ಆ ಭಯ ಇರುತ್ತಿತ್ತು.

10.40. ಸರಾಸರಿ ಒತ್ತಡ 56. ಡ್ಯೂಟಿ ಡಾಕ್ಟರ್ ಮುಖ ಬಾಡಿತ್ತು. "ಮೇಡಂ, ಕೆಲಸ ಮಾಡ್ಲಿಲ್ಲ ಅಲ್ವಾ? ಇನ್ನೊಂದು 100 ಕೊಟ್ಟುಬಿಡೋಣ್ವಾ?"

ಬೇಡ ಅಂದೆ. ನಾರ್‌ಅಡ್ರಿನಲಿನ್ ಡೋಸ್ ಬದಲಿಸಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದೇ ಕಣ್ಣಿನಿಂದ ಅವರು ಹೈಡ್ರೊಕಾರ್ಟಿಸೋನನ್ನೂ ನೋಡುತ್ತಿದ್ದರು. ನಾನು ಅವರನ್ನು ಸ್ಟೂಲ್ ಮೇಲೆ ಕೂರಿಸಿ, ಆ 100 ಮಿಲಿಗ್ರಾಂ ಈಗ ಎಲ್ಲಿರಬಹುದು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲಿಗೆ ಒಂದು ತಮಾಷೆ. ಕೊಬ್ಬಿನಲ್ಲಿ ಕರಗುವ ಸ್ಟೀರಾಯ್ಡ್ ನೀರಿನ ಇಂಜೆಕ್ಷನ್‌ನಲ್ಲಿ ಕರಗುವುದಿಲ್ಲ. ಅದಕ್ಕೇ ತಯಾರಕರು ಅದಕ್ಕೆ ಸಕ್ಸಿನೇಟ್ ಅನ್ನುವ ಚಾರ್ಜ್ ಇರುವ ಬಾಲ ಕಟ್ಟಿರುತ್ತಾರೆ. ಬಾಟಲಿಯ ಮೇಲೆ ಹೈಡ್ರೊಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ಅಂತ ಬರೆದಿರುವುದು ಅದಕ್ಕೇ. ದೇಹದ ಕಿಣ್ವಗಳು ಮೊದಲು ಆ ಬಾಲ ಕತ್ತರಿಸಬೇಕು. ಆಮೇಲೆ ಕಾರ್ಟಿಸಾಲ್‌ನ ದೊಡ್ಡ ಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ಸುತ್ತುತ್ತದೆ. ಬಿಡಿಯಾಗಿರುವ ಪಾಲು ಮಾತ್ರ ಕೋಶದೊಳಗೆ ಹೋಗುತ್ತದೆ.

ಒಳಗೆ ಹೋಗುವುದು ಸುಲಭ. ಅಣು ಚಿಕ್ಕದು ಅನ್ನುವ ಕಾರಣಕ್ಕೆ ಅಲ್ಲ. ಇದನ್ನು ತುಂಬ ಜನ ತಪ್ಪು ತಿಳಿದಿರುತ್ತಾರೆ. ನಾರ್‌ಅಡ್ರಿನಲಿನ್ ಅಣುಭಾರ 169, ಕಾರ್ಟಿಸಾಲ್‌ನದು 362. ಎರಡು ಪಟ್ಟು ದೊಡ್ಡದು ಒಳಗೆ ಹೋಗುತ್ತದೆ, ಚಿಕ್ಕದು ಹೊರಗೆ ನಿಲ್ಲುತ್ತದೆ. ಕಾರ್ಟಿಸಾಲ್ ಮೇಲೆ ಚಾರ್ಜ್ ಇಲ್ಲ, ಅದರ ನಾಲ್ಕು ಉಂಗುರದ ಮೈ ಕೊಲೆಸ್ಟರಾಲ್‌ನಿಂದಲೇ ಬಂದದ್ದು. ಪೊರೆಗೆ ಅದು ಮನೆಯ ಮಗಳಿದ್ದ ಹಾಗೆ. ಹಿತ್ತಿಲ ಬಾಗಿಲಿಂದ ಬಂದು ನೇರ ಅಡುಗೆಮನೆಗೆ ಹೋಗುತ್ತಾಳೆ, ಇವತ್ತು ಏನು ಬೇಯಬೇಕು ಅನ್ನುವುದನ್ನೇ ಬದಲಿಸುತ್ತಾಳೆ.

ಕೋಶದ ಒಳಗಿನ ದ್ರವದಲ್ಲಿ ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಕ ಕಾಯುತ್ತಿರುತ್ತದೆ. ಅದರ ಜೊತೆ ಎಚ್‌ಎಸ್‌ಪಿ-90 ಮುಂತಾದ ಪ್ರೋಟೀನುಗಳು ಇರುತ್ತವೆ. ಹಾರ್ಮೋನು ಕೂರುವ ಗುಳಿಯನ್ನು ತೆರೆದಿಟ್ಟಿರುವುದು ಇವೇ. ಕಾರ್ಟಿಸಾಲ್ ಕೂತ ತಕ್ಷಣ ಗ್ರಾಹಕದ ಆಕಾರ ಬದಲಾಗುತ್ತದೆ, ಜೊತೆಗಾರರು ಬದಲಾಗುತ್ತಾರೆ, ಕೋಶಕೇಂದ್ರಕ್ಕೆ ಹೋಗುವ ದಾರಿ ತೆರೆಯುತ್ತದೆ. ಇಷ್ಟಕ್ಕೆ ಹತ್ತಿಪ್ಪತ್ತು ನಿಮಿಷ. ಅಲ್ಲಿ ಗ್ರಾಹಕ ಡಿಎನ್‌ಎಯ ಮೇಲೆ ತನಗೆ ಗೊತ್ತಿರುವ ಅಕ್ಷರಸಾಲನ್ನು ಹುಡುಕಿ ಸಾಮಾನ್ಯವಾಗಿ ಜೋಡಿಯಾಗಿ ಕೂರುತ್ತದೆ. ಕೆಲವು ಜೀನುಗಳ ಓದು ಹೆಚ್ಚುತ್ತದೆ, ಉರಿಯೂತದ ಕೆಲವು ಜೀನುಗಳ ಓದು ತಗ್ಗುತ್ತದೆ. ಓದಿದ್ದು ಆರ್‌ಎನ್‌ಎ ಆಗಬೇಕು. ಅದು ಕೇಂದ್ರದಿಂದ ಹೊರಗೆ ಬರಬೇಕು. ಪ್ರೋಟೀನ್ ಆಗಬೇಕು. ಆ ಪ್ರೋಟೀನ್ ಗ್ರಾಹಕವಾದರೆ ಮಡಚಿಕೊಂಡು ಆಕಾರ ಪಡೆದು, ಪೊರೆಯವರೆಗೆ ಸಾಗಿ ಅಲ್ಲಿ ನೆಲೆಯಾಗಬೇಕು. ಹಾಗೆಯೇ ಮೊದಲೇ ತಯಾರಾಗಿದ್ದ ನೈಟ್ರಿಕ್ ಆಕ್ಸೈಡ್ ಕಿಣ್ವ ಹಳತಾಗಿ ಹೋಗಬೇಕು. ಕಾರ್ಟಿಸಾಲ್ ಹೊಸ ತಯಾರಿಯನ್ನು ತಡೆಯಬಲ್ಲದು, ಇದ್ದದ್ದನ್ನು ಒಮ್ಮೆಲೇ ಅಳಿಸಲಾರದು.

"ಇದೆಲ್ಲ ನಲವತ್ತು ನಿಮಿಷದಲ್ಲಿ ಆಗುತ್ತಾ?" ಅಂತ ಕೇಳಿದೆ. ಅವರು ಗಡಿಯಾರ ನೋಡಿದರು.

ಎರಡನೆಯ 100 ಯಾಕೆ ಬೇಡ ಅಂದೆ ಅನ್ನುವುದೂ ಇದರಲ್ಲೇ ಇದೆ. ಈ ಡೋಸಿನಲ್ಲಿ ಗ್ರಾಹಕಗಳು ಆಗಲೇ ತುಂಬಿರುತ್ತವೆ. ಇನ್ನಷ್ಟು ಸುರಿದರೆ ಅಡುಗೆಮನೆಗೆ ಜನ ಜಾಸ್ತಿ ಆಗುತ್ತಾರೆ, ಅಕ್ಕಿ ಬೇಗ ಬೇಯುವುದಿಲ್ಲ. ಆದರೆ ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ನಾರ್‌ಅಡ್ರಿನಲಿನ್ ಇಳಿಸಲಿಲ್ಲ, ಸಲೈನ್ ನಿಲ್ಲಿಸಲಿಲ್ಲ, ಸಕ್ಕರೆ ಗಂಟೆಗೊಮ್ಮೆ ನೋಡಿದೆವು. ವಾಸೊಪ್ರೆಸಿನ್ ಬಂದಿತ್ತು. ಸರಾಸರಿ ಒತ್ತಡ 50ಕ್ಕಿಂತ ಕೆಳಗೆ ಹೋದರೆ ಮಾತ್ರ ಹಚ್ಚೋಣ ಅಂತ ಮೇಜಿನ ಮೇಲೆ ಇಟ್ಟುಕೊಂಡೆವು.

ಈ ನಿಧಾನವೇ ಹೊಸ ಪ್ರೋಟೀನ್ ತಯಾರಿಯ ಗುರುತು. ಪ್ರಯೋಗಾಲಯದಲ್ಲಿ ಆರ್‌ಎನ್‌ಎ ತಯಾರಿ ನಿಲ್ಲಿಸುವ ಆಕ್ಟಿನೋಮೈಸಿನ್ ಡಿ ಹಾಕಿದರೆ ಸ್ಟೀರಾಯ್ಡಿನ ಇಂಥ ಪರಿಣಾಮಗಳು ಕಾಣಿಸಿಕೊಳ್ಳುವುದಿಲ್ಲ. ಅಡ್ರಿನಲಿನ್‌ನ ಕ್ಷಣದ ಪರಿಣಾಮಕ್ಕೆ ಅದರಿಂದ ತಡೆಯಿಲ್ಲ. ಸ್ಟೀರಾಯ್ಡ್ ಒಳಗೇ ಹೋಗಿ ಕೂರುತ್ತದೆ ಅನ್ನುವುದು 1950ರ ದಶಕದ ಕೊನೆಯವರೆಗೂ ಗೊತ್ತಿರಲಿಲ್ಲ. ಷಿಕಾಗೋದಲ್ಲಿ ಎಲ್‌ವುಡ್ ಜೆನ್ಸನ್ ಈಸ್ಟ್ರಡಯಾಲ್‌ಗೆ ವಿಕಿರಣದ ಗುರುತು ಹಚ್ಚಿ ಇಲಿಗೆ ಕೊಟ್ಟು ನೋಡಿದರು. ಹಾರ್ಮೋನು ಏನೋ ರಾಸಾಯನಿಕ ಕ್ರಿಯೆಯಲ್ಲಿ ಬದಲಾಗಿ ಕೆಲಸ ಮಾಡುತ್ತದೆ ಅಂತ ಆಗಿನ ನಂಬಿಕೆ. ಅದು ಗರ್ಭಕೋಶದಲ್ಲಿ ಬದಲಾಗದೆ, ಒಂದು ಪ್ರೋಟೀನಿಗೆ ಅಂಟಿಕೊಂಡು ಉಳಿದಿತ್ತು. ಹೊರಮೈಯ ದಾರಿಯ ಕಥೆ ಬಿಚ್ಚಿದ್ದು ಅರ್ಲ್ ಸದರ್‌ಲ್ಯಾಂಡ್. ಅಡ್ರಿನಲಿನ್ ಒಳಗೆ ಹೋಗದೆ ಸೈಕ್ಲಿಕ್ ಎಎಂಪಿ ಅನ್ನುವ ದೂತನನ್ನು ಕಳಿಸುತ್ತದೆ ಅಂತ ತೋರಿಸಿ 1971ರಲ್ಲಿ ನೊಬೆಲ್ ಪಡೆದರು.

ಒತ್ತಡ ಏರಿದ ರಾತ್ರಿ, ಮತ್ತು ಮರುರಾತ್ರಿಯ ಎಡವಟ್ಟು

ಹನ್ನೆರಡು ಗಂಟೆಗೆ ಸರಾಸರಿ ಒತ್ತಡ 60. ಒಂದೂವರೆಗೆ 66. ನಾರ್‌ಅಡ್ರಿನಲಿನ್ ಅದೇ 0.4ರಲ್ಲೇ ಇತ್ತು. ಅದೇ ಗಂಟೆ, ಈಗ ಕೇಳಿಸತೊಡಗಿತ್ತು. ಎರಡು ಗಂಟೆಯಿಂದ ಸ್ವಲ್ಪ ಸ್ವಲ್ಪ ಇಳಿಸಿದೆವು. ಬೆಳಗಿನ ಐದಕ್ಕೆ 0.15. ಆರು ಗಂಟೆಗೆ ಕಣ್ಣು ಬಿಟ್ಟು ಮಗನ ಹೆಸರು ಹಿಡಿದು ಕರೆದರು.

ಎಲ್ಲ ಶ್ರೇಯಸ್ಸು ಹೈಡ್ರೊಕಾರ್ಟಿಸೋನ್‌ಗೆ ಕಟ್ಟಲು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಮೂರೂವರೆ ಲೀಟರ್ ಸಲೈನ್ ಹೋಗಿತ್ತು, ಆಂಟಿಬಯಾಟಿಕ್ ಶುರುವಾಗಿ ಆರು ತಾಸಾಗಿತ್ತು. ಸ್ಟೀರಾಯ್ಡ್‌ಗಳಿಗೆ ಜೀನ್ ಮುಟ್ಟದೆ ನಿಮಿಷಗಳಲ್ಲಿ ಆಗುವ ಕೆಲವು ಪರಿಣಾಮಗಳೂ ಇವೆ. ಆದರೆ ಮೂರು ತಾಸು ಅಲ್ಲಾಡದ ಒತ್ತಡ ಇಂಜೆಕ್ಷನ್ ಆದ ಎರಡು-ಮೂರು ತಾಸಿಗೆ ಏರತೊಡಗಿದ್ದು, ಅದೂ ಪಂಪ್ ಮುಟ್ಟದೆ, ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಮೂರನೆಯ ದಿನ ಬಂದ ರಿಪೋರ್ಟ್‌ನಲ್ಲಿ ಕಾರ್ಟಿಸಾಲ್ ಡೆಸಿಲೀಟರ್‌ಗೆ 1.4 ಮೈಕ್ರೋಗ್ರಾಂ. ಇಷ್ಟು ದೊಡ್ಡ ಆಘಾತದಲ್ಲಿ ಸರಿಯಾದ ಅಡ್ರಿನಲ್ ಇದ್ದರೆ ಸಾಮಾನ್ಯವಾಗಿ 20 ದಾಟಿರಬೇಕು.

ಇನ್ನು ಎಡವಟ್ಟಿನ ಕಥೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಆದರೆ ಎರಡು ದಾರಿಗಳ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ನೋಡಿಲ್ಲ. ಎರಡನೆಯ ರಾತ್ರಿ ಒಬ್ಬರೇ ಸಿಸ್ಟರ್, ಎಂಟು ರೋಗಿಗಳು. ಹನ್ನೊಂದು ಗಂಟೆಗೆ ನಾರ್‌ಅಡ್ರಿನಲಿನ್ ಸಿರಿಂಜ್ ಖಾಲಿಯಾಯಿತು, ಹೊಸದು ತುಂಬಿ ಹಚ್ಚಲು ನಾಲ್ಕೈದು ನಿಮಿಷ ಹಿಡಿಯಿತು. ಆಗ ಡೋಸ್ ಬರೀ 0.06. ಅಷ್ಟರಲ್ಲೇ ಬಿಪಿ 104ರಿಂದ 78ಕ್ಕೆ ಬಿತ್ತು. ಹೊಸ ಸಿರಿಂಜ್ ಓಡಿದ ಎರಡೇ ನಿಮಿಷಕ್ಕೆ ಮೇಲೆ ಬಂತು.

ಅದೇ ರಾತ್ರಿ ನಾಲ್ಕು ಗಂಟೆಗೆ ಕೊಡಬೇಕಿದ್ದ ಹೈಡ್ರೊಕಾರ್ಟಿಸೋನ್ ಆರು ಗಂಟೆ ದಾಟಿದ ಮೇಲೆ ಹೋಯಿತು. ಬಿಪಿ ಒಂದು ಗೆರೆ ಅಲ್ಲಾಡಲಿಲ್ಲ.

ಬೆಳಿಗ್ಗೆ ಸಿಸ್ಟರ್ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಮೇಡಂ, ಹೈಡ್ರೊಕಾರ್ಟಿಸೋನ್ ಹಾಫ್-ಲೈಫ್ ಒಂದೂವರೆ ತಾಸು ಅಂತಾರಲ್ಲ, ಎಂಟು ತಾಸಿಗೆ ರಕ್ತದಲ್ಲಿ ಎಷ್ಟು ಉಳಿದಿರತ್ತೆ? ಮತ್ತೆ ಬಿಪಿ ಯಾಕೆ ಬೀಳ್ಲಿಲ್ಲ?" ಲೆಕ್ಕ ಸರಿ. ರಕ್ತದಲ್ಲಿ ನೂರಕ್ಕೆ ಮೂರು ಪಾಲೂ ಉಳಿದಿರುವುದಿಲ್ಲ. ಆದರೆ ಔಷಧ ಹೋದರೂ ಅದು ಮಾಡಿಸಿದ ಪ್ರೋಟೀನುಗಳು ಕೋಶದಲ್ಲಿ ಇದ್ದೇ ಇರುತ್ತವೆ. ಅವು ಸವೆಯುವವರೆಗೆ ಪರಿಣಾಮ ನಡೆಯುತ್ತದೆ. ಹೈಡ್ರೊಕಾರ್ಟಿಸೋನ್‌ನಲ್ಲಿ ಅದು 8ರಿಂದ 12 ತಾಸು. ಮಗಳು ತವರಿನಿಂದ ಹೊರಟು ಹೋದರೂ ಮಾಡಿಟ್ಟ ಅಡುಗೆ ಊಟಕ್ಕಿರುತ್ತದೆ. ಗಂಟೆಯಿಂದ ಕೈ ತೆಗೆದರೆ ಸದ್ದು ಅಲ್ಲಿಗೇ ಮುಗಿಯಿತು. ನಾರ್‌ಅಡ್ರಿನಲಿನ್ ರಕ್ತದಿಂದ ಎರಡು-ಮೂರು ನಿಮಿಷದಲ್ಲಿ ಅರ್ಧ ಮಾಯ, ಕೋಶದೊಳಗಿನ ಐಪಿ-3, ಕ್ಯಾಲ್ಸಿಯಂ ಅದಕ್ಕಿಂತ ಬೇಗ ತಣ್ಣಗಾಗುತ್ತವೆ.

ಇದರಿಂದ ಡೋಸ್ ತಡ ಮಾಡಿದರೂ ನಡೆಯುತ್ತದೆ ಅಂತ ತಿಳಿಯಬೇಡಿ. ತಡವಾದ ಡೋಸಿನ ಪೆಟ್ಟೂ ತಡವಾಗಿಯೇ ಬರುತ್ತದೆ. ಬಂದಾಗ ಇಂಜೆಕ್ಷನ್ ಕೊಟ್ಟರೆ ಸರಿಹೋಗಲು ಮತ್ತೆ ತಾಸುಗಳು ಬೇಕು. ಸಿರಿಂಜ್ ಖಾಲಿಯಾದರೆ ಅಲಾರಾಂ ಕೂಗುತ್ತದೆ, ಇದಕ್ಕೆ ಅಲಾರಾಂ ಇಲ್ಲ. ಅದಕ್ಕೇ ಆ ದಿನದಿಂದ ನಮ್ಮಲ್ಲಿ ಹೈಡ್ರೊಕಾರ್ಟಿಸೋನ್ ಸಮಯವನ್ನು ಹಾಸಿಗೆಯ ಮೇಲಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಾರೆ. ದಾಖಲಾತಿ ಹಾಳೆಯಲ್ಲೂ ಒಂದು ಸಾಲು ಸೇರಿಸಿದೆವು: "ನೋವಿಗೆ, ಅಲರ್ಜಿಗೆ, ದಮ್ಮಿಗೆ, ಚರ್ಮಕ್ಕೆ ಏನಾದರೂ ಗುಳಿಗೆ, ಪುಡಿ, ಇಂಜೆಕ್ಷನ್? ಯಾವಾಗ ನಿಂತಿತು?"

ಆಮೇಲೆ

ಏಳನೆಯ ದಿನ ಮನೆಗೆ ಕಳಿಸಿದೆವು. ಬಿಳಿ ಗುಳಿಗೆಯ ಬದಲು ಹೈಡ್ರೊಕಾರ್ಟಿಸೋನ್ ಮಾತ್ರೆ, ಬೆಳಿಗ್ಗೆ ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ 5 ಮಿಲಿಗ್ರಾಂ. ಜ್ವರ ಬಂದರೆ ಡೋಸ್ ಎರಡು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಬಂದು ಇಂಜೆಕ್ಷನ್. ಇದನ್ನು ಅಮ್ಮನಿಗಿಂತ ಸೊಸೆಗೆ ಹೇಳಿಕೊಟ್ಟೆ, ಅವಳಿಂದ ತಿರುಗಿ ಹೇಳಿಸಿದೆ. ಮೊಣಕಾಲು ಸವೆತಕ್ಕೆ ಬೇರೆ ಚಿಕಿತ್ಸೆ. ಅದು ಡೆಕ್ಸಾದಷ್ಟು ಹಾಯಾಗಿಲ್ಲ ಅಂತ ಅವರ ದೂರು, ನಿಜವೇ.

ಗ್ರಂಥಿ ಎದ್ದಿದೆಯಾ ಅಂತ ನೋಡಲು ಹಿಂದಿನ ದಿನದ ಮಧ್ಯಾಹ್ನ, ಸಂಜೆ ಮಾತ್ರೆ ಬಿಡಿಸಿ, ಬೆಳಿಗ್ಗೆ ಎಂಟಕ್ಕೆ ಮಾತ್ರೆಗೆ ಮೊದಲು ರಕ್ತ ತೆಗೆಯುತ್ತೇವೆ. ಕಾರ್ಟಿಸಾಲ್ 10 ಮೈಕ್ರೋಗ್ರಾಂ ದಾಟಿದರೆ ಮಾತ್ರೆ ನಿಲ್ಲಿಸಬಹುದು. 5ರ ಕೆಳಗಿದ್ದರೆ ಮುಂದುವರಿಸಬೇಕು. ಮೂರು ತಿಂಗಳಿಗೆ 3.8 ಇತ್ತು. ಆರು ತಿಂಗಳಿಗೆ 7.1.

ಸಂಜೆಯ 5 ಮಿಲಿಗ್ರಾಂ ಬಿಡಿಸಿದ್ದೇನೆ. "ಇನ್ನ ಎಷ್ಟ್ ದಿನ ರೀ ಇದು?" ಅಂತ ಹೋದ ಸಲ ಕೇಳಿದರು. ಮುಂದಿನ ರಕ್ತ ಪರೀಕ್ಷೆ ಜಾತ್ರೆಗೆ ಮೊದಲು ಇಟ್ಟಿದ್ದೇವೆ. ಅಂಗಡಿ ಮುಚ್ಚುವ ಮುಂಚೆ ಒಂದು ತಿಂಗಳ ಮಾತ್ರೆ ಮನೆಯಲ್ಲಿರಬೇಕು ಅಂತ ಸೊಸೆ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ.